ಲಾಕ್ ನಟ್ ಕೀ ಕಳೆದುಹೋಗಿದೆ, ಪಕ್ಕದ ಮನೆಯವರ ಕೀ ನಡೆಯುತ್ತಾ?

ಪ್ರಶ್ನೆ: ನಮ್ಮ ಕಾರಿನ ಅಲಾಯ್ ವೀಲಿನಲ್ಲಿ ಒಂದೊಂದು ಲಾಕ್ ನಟ್ ಇದೆ. ಅದರ ಕೀ ಎಲ್ಲೂ ಸಿಗುತ್ತಿಲ್ಲ. ಪಕ್ಕದ ಮನೆಯಲ್ಲೂ ಇದೇ ಕಾರು ಇದೆ. ಅವರ ಕೀ ತಂದು ಬಿಚ್ಚಬಹುದಾ?

ಬೇಡ. ಮಳೆಗಾಲ ಶುರುವಾದ ಮೇಲೆ ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಇನ್ನೊಂದು ಸಲ ಪೂರ್ತಿಯಾಗಿ ಹೇಳುತ್ತೇನೆ, ಯಾಕೆಂದರೆ ಕೀ ಕಳೆದದ್ದಕ್ಕಿಂತ ಜಾಸ್ತಿ ನಷ್ಟ ಆಗುವುದು ಈ ಎರವಲು ಕೀಯಿಂದ.

ಮೊದಲು ಹುಡುಕಿ. ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ತುಂಡು ಅದು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗೆ ನೋಡಿ, ಜಾಕ್ ಇಡುವ ಥರ್ಮಾಕೋಲಿನ ಗುಂಡಿಗಳಲ್ಲಿ ಬೆರಳು ಹಾಕಿ ನೋಡಿ, ಆಮೇಲೆ ಡ್ಯಾಶ್‌ಬೋರ್ಡ್ ಡಬ್ಬಿ. ಅಲ್ಲಿಲ್ಲದಿದ್ದರೆ ಕೊನೆಯ ಸಲ ವೀಲ್ ಬಿಚ್ಚಿದ್ದು ಯಾರು ಅಂತ ನೆನಪು ಮಾಡಿಕೊಂಡು ಅಲ್ಲಿಗೆ ಫೋನ್ ಮಾಡಿ. ಪಂಕ್ಚರ್ ಅಂಗಡಿಯಲ್ಲಿ, ಅಲೈನ್‌ಮೆಂಟ್ ಮಾಡುವಲ್ಲಿ ಮರೆತು ಬಂದ ಕೀಗಳು ಬೇಕಾದಷ್ಟು ಬಿದ್ದಿರುತ್ತವೆ. ನಾಲ್ಕೂ ವೀಲ್ ಬಗ್ಗಿ ನೋಡುವುದನ್ನೂ ಬಿಡಬೇಡಿ. ಕೆಲಸ ಮುಗಿದ ಮೇಲೆ ಕೀ ನಟ್ಟಿಗೇ ಕಚ್ಚಿಕೊಂಡು ಉಳಿದದ್ದನ್ನು ನಾನೇ ಕಂಡಿದ್ದೇನೆ.

ಈಗ ಆ ಎರವಲು ಕೀ ವಿಷಯ. "ಒಂದೇ ಕಂಪನಿ, ಒಂದೇ ಮಾಡೆಲ್, ಕೀ ಮಾತ್ರ ಬೇರೆ ಯಾಕಿರುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಬೇರೆ ಇರಲಿ ಅಂತಲೇ ಅಲ್ವಾ ಲಾಕ್ ನಟ್ ಹಾಕಿರುವುದು! ಒಂದೇ ಮಾಡೆಲ್ ಕಾರಿನ ಕೀ ಎಲ್ಲದಕ್ಕೂ ಬಂದರೆ ಕಳ್ಳ ಒಂದು ಕೀ ಇಟ್ಟುಕೊಂಡರೆ ಸಾಕಿತ್ತು. ಅದಕ್ಕೇ ಒಂದೇ ಕಂಪನಿ ಹಲವು ನಮೂನೆಯ ನಟ್ ಮಾಡಿಸುತ್ತದೆ. ನಿಮ್ಮ ನಟ್ಟಿನ ಮುಖ ನೋಡಿ. ಹೂವಿನ ಎಸಳಿನ ಹಾಗೆ ಸುತ್ತಲೂ ಒಂದು ಸಣ್ಣ ಕಾಲುವೆ ಕೊರೆದಿರುತ್ತದೆ. ಕೀಯಲ್ಲಿ ಅದೇ ಆಕಾರದ ಏಣು ಇರುತ್ತದೆ. ನಿಮ್ಮದರಲ್ಲಿ ಎಸಳು ಒಂದು ಕಡೆ ತುಸು ಅಗಲ, ಪಕ್ಕದವರದರಲ್ಲಿ ಇನ್ನೊಂದು ಕಡೆ. ಕಣ್ಣಿಗೆ ಎರಡೂ ಒಂದೇ.

ಪೂರ್ತಿ ಬೇರೆ ಕೀ ಆದರೆ ಅಪಾಯವಿಲ್ಲ, ಒಳಗೇ ಹೋಗುವುದಿಲ್ಲ. ಕೆಡಿಸುವುದು ಮುಕ್ಕಾಲು ಪಾಲು ಹೊಂದುವ ಕೀ. ಅರ್ಧ ಇಳಿದು ನಿಲ್ಲುತ್ತದೆ. ಸ್ಪ್ಯಾನರ್ ಹಾಕಿ ಕಾಲಿಟ್ಟು ತುಳಿದರೆ ಏಣು ಕಾಲುವೆಯ ಅಂಚನ್ನು ಕೆತ್ತಿಕೊಂಡು ಹಾರುತ್ತದೆ. ಆಮೇಲೆ ನಿಮ್ಮದೇ ಅಸಲಿ ಕೀ ತಂದರೂ ಅದಕ್ಕೆ ಹಿಡಿತ ಇರುವುದಿಲ್ಲ.

"ನಮ್ಮ ಭಾವನ ಕಾರಿನ ಕೀ ಬಂತಲ್ಲ" ಅನ್ನುವವರೂ ಇದ್ದಾರೆ. ಬಂದಿರಬಹುದು. ನಮೂನೆಗಳು ಲೆಕ್ಕವಿಲ್ಲದಷ್ಟೇನೂ ಇಲ್ಲ, ಆಗೊಮ್ಮೆ ಈಗೊಮ್ಮೆ ಹೊಂದುತ್ತವೆ. ಆದರೆ ಅದನ್ನು ಸ್ಪ್ಯಾನರ್ ತುಳಿದು ಪರೀಕ್ಷೆ ಮಾಡಬಾರದು. ಸ್ನಾನದ ಸೋಪಿನ ತುಂಡನ್ನು ನಟ್ಟಿನ ಗುಂಡಿಗೆ ಹೋಗುವಷ್ಟು ಕೆತ್ತಿ, ತುಸು ಒದ್ದೆ ಮಾಡಿ, ನಟ್ಟಿನ ಮುಖಕ್ಕೆ ಒತ್ತಿ ತೆಗೆಯಿರಿ. ಕಾಲುವೆಯ ಆಕಾರ ಸೋಪಿನ ಮೇಲೆ ಉಬ್ಬಿ ಬರುತ್ತದೆ. ಕೀಯ ಮುಖವೂ ಹಾಗೇ ಉಬ್ಬಿರುವುದರಿಂದ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಬಹುದು. ಒಂದು ಎಸಳು ವ್ಯತ್ಯಾಸ ಕಂಡರೂ ಆ ಕೀ ವಾಪಸ್ ಕೊಟ್ಟುಬಿಡಿ.

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು ಹೀಗೇ ಬಂದರು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಮುಂದಿನ ಎಡಗಡೆ ಟೈರು ನೆಲ ಕಚ್ಚಿದೆ. ಪಕ್ಕದ ಮನೆಯ ಕೀ ತಂದು ಎರಡು ಸಲ ತುಳಿದಿದ್ದಾರೆ. ಕಾಲುವೆ ಸವೆದು ನಯವಾಗಿತ್ತು. ನನಗೆ ಬೇಜಾರಾದದ್ದು ಇನ್ನೊಂದಕ್ಕೆ. ಟೈರಿಗೆ ಹೊಕ್ಕಿದ್ದು ಒಂದು ಮೊಳೆ, ಅದೂ ನೆಲಕ್ಕೆ ತಾಗುವ ಭಾಗಕ್ಕೆ. ಟ್ಯೂಬ್‌ಲೆಸ್ ಟೈರು. ವೀಲ್ ಬಿಚ್ಚುವ ಅಗತ್ಯವೇ ಇರಲಿಲ್ಲ! ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರಿನ ಮುಖ ಹೊರಗೆ ಕಾಣುತ್ತದೆ. ಮೊಳೆ ಕೆಳಗಿದ್ದರೆ ಕಾರನ್ನು ಒಂದು ಗೇಣು ದಬ್ಬಬೇಕು. ಮೊಳೆ ಕಿತ್ತು ಅಂಟಿನ ಬತ್ತಿ ತುರುಕಿ ಗಾಳಿ ಹಾಕಿದರೆ ಮುಗಿಯಿತು. ಮೇಗರವಳ್ಳಿಯಿಂದ ಆಚೆ ಆಗುಂಬೆವರೆಗೆ ಕಾಡಿನ ದಾರಿಯಲ್ಲಿ ಓಡಾಡುವವರು ಈ ಬತ್ತಿಯ ಕಿಟ್ಟು, ಗಾಳಿಯ ಪಂಪು ಇಟ್ಟುಕೊಳ್ಳಲೇಬೇಕು. ಟೈರಿನ ಪಕ್ಕೆ ಹರಿದಿದ್ದರೆ ಮಾತ್ರ ಇದು ಆಗುವುದಿಲ್ಲ.

ಟೈರಿನಲ್ಲಿ ಗಾಳಿ ನಿಂತಿತು ಅಂದರೆ ಅವಸರವಿಲ್ಲ. ಕಾರಿನ ಪುಸ್ತಕದ ಚೀಲದಲ್ಲಿ ಕೀಯ ನಂಬರ್ ಇರುವ ಸಣ್ಣ ಕಾರ್ಡೋ ಸ್ಟಿಕ್ಕರೋ ಇದೆಯಾ ನೋಡಿ. ಆ ನಂಬರ್ ಕೊಟ್ಟರೆ ಶೋರೂಮಿನವರು ಹೊಸ ಕೀ ತರಿಸುತ್ತಾರೆ. ನಂಬರ್ ಇಲ್ಲದಿದ್ದರೆ ಎಲ್ಲ ನಮೂನೆಯ ಕೀಗಳ ಪೆಟ್ಟಿಗೆ ನಿಮ್ಮಲ್ಲಿದೆಯಾ ಅಂತ ಮೊದಲೇ ಫೋನಿನಲ್ಲಿ ಕೇಳಿ ಹೋಗಿ. ಎಲ್ಲ ಕಡೆ ಇರುವುದಿಲ್ಲ, ಸುಮ್ನೆ ಶಿವಮೊಗ್ಗದವರೆಗೆ ಓಡಬೇಡಿ.

ಮೇಷ್ಟ್ರ ಕಾರಿಗೆ ಈ ದಾರಿ ಮುಚ್ಚಿತ್ತು. ಹಾಗಾಗಿ ಒಳಗೆ ಎಡಸುತ್ತಿನ ಹಲ್ಲಿರುವ, ನಟ್ ಕೀಳುವ ಸಾಕೆಟ್ ತೆಗೆದೆ. ಕಾರು ನೆಲದ ಮೇಲೇ ಇತ್ತು, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ. ಉಳಿದ ನಟ್‌ಗಳನ್ನು ಬಿಚ್ಚಲಿಲ್ಲ, ಬದಲಿಗೆ ತುಸು ಬಿಗಿ ಮಾಡಿದೆ. ಅವು ಭಾರ ಹೊತ್ತರೆ ಲಾಕ್ ನಟ್ಟಿನ ಮೇಲಿನ ಎಳೆತ ಕಮ್ಮಿಯಾಗುತ್ತದೆ. ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟೆ. ನಟ್ಟಿಗಿಂತ ಕೂದಲೆಳೆ ಚಿಕ್ಕದಾದ ಸಾಕೆಟ್ ಆರಿಸಿ, ಕನ್ನಡಕ ಹಾಕಿಕೊಂಡು, ಸುತ್ತಿಗೆಯಿಂದ ನೇರಕ್ಕೆ ನಾಲ್ಕೈದು ಪೆಟ್ಟು ಕೊಟ್ಟೆ. ಟಣ್ ಅನ್ನುವ ಸದ್ದು ಟಕ್ ಅಂತ ಗಟ್ಟಿಯಾದರೆ ಹಲ್ಲು ಕಚ್ಚಿದೆ ಅಂತ ಅರ್ಥ. ಉದ್ದ ಹಿಡಿಯ ರಾಡ್ ಹಾಕಿ ನಿಧಾನಕ್ಕೆ ಎಡಕ್ಕೆ ತಿರುಗಿಸಿದೆ. ಕಿರ್ ಅಂತ ಒಮ್ಮೆ ಕೂಗಿ ಬಂತು.

ನಟ್ ಬಿಚ್ಚುವ ಗನ್ ಹಚ್ಚಬೇಡಿ, ಹಲ್ಲು ಜಾರುತ್ತದೆ. ಕೆಲವು ನಟ್‌ಗಳಿಗೆ ಹೊರಗೆ ಸುಮ್ಮನೆ ಸುತ್ತುವ ಬಳೆ ಇರುತ್ತದೆ. ಸಾಕೆಟ್ ತಿರುಗಿದರೂ ನಟ್ ಅಲ್ಲೇ ಇದ್ದರೆ ಅದೇ ಬಳೆ. ಅಲ್ಲಿಗೆ ನಿಲ್ಲಿಸಿ ಅನುಭವ ಇರುವವರಿಗೆ ಬಿಡಿ. ಮೇಲೊಂದು ನಟ್ ವೆಲ್ಡ್ ಮಾಡುತ್ತೇನೆ ಅನ್ನುವವರಿಗೆ ಮಾತ್ರ ಕಾರು ಕೊಡಲೇಬೇಡಿ. ಗಾಳಿ ತುಂಬಿದ ಟೈರಿನ ವೀಲಿಗೆ ಕಾವು ಕೊಟ್ಟರೆ ಟೈರು ಸಿಡಿದು ಎದುರಿಗಿದ್ದವರ ಜೀವ ಹೋಗಬಹುದು.

ಯಾರೂ ಕೇಳದ ಒಂದು ಮಾತೂ ಇದೆ. ಬಿಚ್ಚಿದ ಜಾಗಕ್ಕೆ ಏನು ಹಾಕುವುದು? ಮನೆ ಅಂಗಳದಲ್ಲೇ ಕಾರು ನಿಲ್ಲಿಸುವವರಿಗೆ ನನ್ನ ಸಲಹೆ, ನಾಲ್ಕೂ ಲಾಕ್ ನಟ್ ತೆಗೆಸಿ ಮಾಮೂಲಿ ನಟ್ ಹಾಕಿಸಿ. ಆದರೆ ಕೈಗೆ ಸಿಕ್ಕಿದ್ದನ್ನು ಹಾಕಿಸಬೇಡಿ. ಮಾರುತಿ ಕಾರುಗಳಿಗೆ ಸಾಮಾನ್ಯವಾಗಿ ಬರುವುದು 12 ಎಂಎಂ ದಪ್ಪದ ಸ್ಟಡ್ಡಿಗೆ ಕೂರುವ, 1.25 ಎಂಎಂ ಅಂತರದ ಸುತ್ತಿನದು. ಹುಂಡೈಗೆ ಅದೇ ದಪ್ಪ, ಸುತ್ತು 1.5. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಎರಡು ಸುತ್ತು ಹೋಗಿ ಕಚ್ಚುತ್ತದೆ, ಗನ್ ಹೊಡೆದರೆ ಸ್ಟಡ್ಡೇ ಹಾಳು. ನಟ್ಟಿನ ಬುಡವೂ ಹೊಂದಬೇಕು. ಕೆಲವಕ್ಕೆ ಅದು ಓರೆ, ಕೆಲವಕ್ಕೆ ಗುಂಡಗೆ. ಗುಂಡಗಿನ ಗುಂಡಿಗೆ ಓರೆ ನಟ್ ಹಾಕಿದರೆ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಹೊಸ ನಟ್ ಕೊನೆವರೆಗೂ ಬೆರಳಲ್ಲೇ ತಿರುಗಬೇಕು, ಆಮೇಲೆ ಸ್ಪ್ಯಾನರ್. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು. ಮೇಷ್ಟ್ರು ಮರೆಯದೆ ನೋಡಿದರಂತೆ. ಎರಡು ನಟ್ ಕಾಲು ಸುತ್ತು ಹಿಡಿದವು ಅಂತ ಫೋನ್ ಮಾಡಿದ್ದರು.