ನಂಬರ್ ಕೇಳಿದೆ, ‘ಇಲ್ಲೇ ಮಾತಾಡೋಣ’ ಅಂದರು. ಇಷ್ಟ ಇಲ್ಲ ಅಂತಾನಾ?

ಪ್ರಶ್ನೆ: ಬಂಬಲ್ ಡೇಟಿಂಗ್ ಆ್ಯಪ್‌ನಲ್ಲಿ ಒಬ್ಬರ ಜೊತೆ ಒಂದು ವಾರದಿಂದ ಚೆನ್ನಾಗಿ ಮಾತಾಡ್ತಾ ಇದ್ದೆ. ವಾಟ್ಸಾಪ್ ನಂಬರ್ ಕೇಳಿದೆ. ‘ಸದ್ಯಕ್ಕೆ ಇಲ್ಲೇ ಮಾತಾಡೋಣ’ ಅಂದರು. ಇಷ್ಟ ಇಲ್ಲ ಅನ್ನೋದನ್ನೇ ಹೀಗೆ ಹೇಳಿದ್ರಾ? ಇಷ್ಟಕ್ಕೂ ನಂಬರ್ ಹೇಗೆ ಕೇಳಬೇಕು?

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಒಬ್ಬರು ಟಿಂಡರ್ ಎನ್ನುತ್ತಾರೆ, ಇನ್ನೊಬ್ಬರು ಹಿಂಜ್ ಎನ್ನುತ್ತಾರೆ, ಕೊನೆಗೆ ಕೇಳುವುದು ಒಂದನ್ನೇ. ನಾನೂ ಪ್ರತಿ ಸಲ ಅದೇ ಉತ್ತರ ಕೊಡುತ್ತೇನೆ. ನಂಬರ್ ಕೊಡಲಿಲ್ಲ ಎಂದರೆ ಇಷ್ಟ ಇಲ್ಲ ಎಂದು ಅರ್ಥ ಅಲ್ಲ. ಆದರೂ ಈ ನಂಬಿಕೆ ಜನರ ತಲೆಯಿಂದ ಇಳಿಯುತ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಗೆಳೆಯನ ನಂಬರನ್ನು ಫೋನ್‌ಪೇನಲ್ಲೋ ಗೂಗಲ್ ಪೇನಲ್ಲೋ ದುಡ್ಡು ಕಳಿಸುವವರ ಹಾಗೆ ಹಾಕಿ ನೋಡಿ. ಅವನ ಯುಪಿಐ ಆ ನಂಬರಿನಲ್ಲೇ ಇದ್ದರೆ, ಒಂದು ರೂಪಾಯಿಯನ್ನೂ ಕಳಿಸುವ ಮೊದಲೇ ಅವನ ಬ್ಯಾಂಕ್ ಖಾತೆಯ ಹೆಸರು ಕಾಣುತ್ತದೆ. ಡೇಟಿಂಗ್ ಆ್ಯಪ್‌ನಲ್ಲಿ ಇರುವುದು ಬರೀ ‘ದಿವ್ಯಾ’ ಎಂಬ ಹೆಸರು. ಬ್ಯಾಂಕಿನಲ್ಲಿ ಹಾಗಲ್ಲ. ನಮ್ಮ ಕಡೆ ಅಪ್ಪನ ಹೆಸರು, ಕೆಲವರಿಗೆ ಊರಿನ ಹೆಸರು, ಕೆಲವರಿಗೆ ಗೌಡ, ಭಟ್, ಶೆಟ್ಟಿ ಎಲ್ಲವೂ ಅದರಲ್ಲೇ ಬಂದುಬಿಡುತ್ತದೆ. ಅಷ್ಟು ಗೊತ್ತಾದರೆ ಎಷ್ಟೋ ಜನರ ಆಫೀಸು ಯಾವುದು ಎಂದು ಲಿಂಕ್ಡ್‌ಇನ್‌ನಲ್ಲಿ ಹುಡುಕುವುದು ಐದು ನಿಮಿಷದ ಕೆಲಸ. ಟ್ರೂಕಾಲರ್ ಇದ್ದವರಿಗೆ ಅಷ್ಟೂ ಬೇಕಾಗುವುದಿಲ್ಲ.

ಅಂದರೆ ನೀವು ಕೇಳಿದ್ದು ಬರೀ ಹತ್ತು ಅಂಕಿಗಳನ್ನಲ್ಲ. ಅವರ ಪೂರ್ತಿ ಹೆಸರು, ಮನೆತನ, ಬಹುಶಃ ಜಾತಿ, ಕೆಲಸದ ಜಾಗ ಎಲ್ಲವನ್ನೂ ಒಟ್ಟಿಗೆ ಕೇಳಿದ್ದೀರಿ. ನಿಮಗೆ ಆ ಉದ್ದೇಶ ಇರಲಿಲ್ಲ, ನನಗೆ ಗೊತ್ತು. ಆದರೆ ಒಂದು ವಾರದ ಪರಿಚಯದಲ್ಲಿ ಅದು ಅವರಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ವಿಷಯವನ್ನು ಹುಡುಗರು ಯೋಚಿಸುವುದೇ ಕಡಿಮೆ. ಆ್ಯಪ್‌ನಲ್ಲಿ ಬೇಡ ಅನಿಸಿದರೆ ಅನ್‌ಮ್ಯಾಚ್ ಮಾಡಿದರೆ ಅಲ್ಲಿಗೆ ಮುಗಿಯಿತು. ನಂಬರ್ ಹಾಗಲ್ಲ. ಬ್ಲಾಕ್ ಮಾಡಿದರೂ ಎದುರಿನವರು ಬೇರೆ ಸಿಮ್ಮಿನಿಂದ ಫೋನ್ ಮಾಡಬಹುದು. ನಂಬರನ್ನೇ ಬದಲಿಸೋಣ ಎಂದರೆ ಬ್ಯಾಂಕ್ ಒಟಿಪಿ, ಆಧಾರ್, ಗ್ಯಾಸ್ ಬುಕಿಂಗ್, ಮನೆಯವರ ಗ್ರೂಪು ಎಲ್ಲವೂ ಅದೇ ನಂಬರಿನಲ್ಲಿವೆ. ಇಂಥದ್ದನ್ನು ಕೊಡಲು ಒಬ್ಬರು ಸ್ವಲ್ಪ ಸಮಯ ತೆಗೆದುಕೊಂಡರೆ ಅದರಲ್ಲಿ ನಿಮ್ಮನ್ನು ಬೇಡ ಎನ್ನುವ ಮಾತು ಎಲ್ಲಿದೆ?

ಹಾಗಾದರೆ ಇಷ್ಟ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನಂಬರ್ ಬಿಟ್ಟು ಉಳಿದದ್ದನ್ನು ನೋಡಿ. ‘ಇಲ್ಲೇ ಮಾತಾಡೋಣ’ ಎಂದ ಮೇಲೂ ಅವರು ಮೊದಲಿನ ಹಾಗೇ ಬರೆಯುತ್ತಿದ್ದಾರಾ? ನಿಮ್ಮ ಬಗ್ಗೆ ತಾವಾಗಿ ಏನಾದರೂ ಕೇಳುತ್ತಾರಾ? ಭೇಟಿಯ ಮಾತು ಬಂದಾಗ ದಿನ, ಜಾಗ ಹೇಳುತ್ತಾರಾ? ಹೌದು ಎಂದಾದರೆ ಅವರಿಗೆ ಆಸಕ್ತಿ ಇದೆ. ನಂಬರೂ ಇಲ್ಲ, ಪ್ರಶ್ನೆಯೂ ಇಲ್ಲ, ಭೇಟಿ ಎಂದಾಗಲೆಲ್ಲ ‘ನೋಡೋಣ’ ಎಂದು ಮಾತ್ರ ಬಂದರೆ ಆಗ ಸುಮ್ಮನೆ ಬಿಟ್ಟುಬಿಡಿ. ಇದಕ್ಕೆ ಉಲ್ಟಾ ಆಗುವುದೂ ಉಂಟು. ನಂಬರ್ ಕೊಟ್ಟು ಮಾರನೇ ದಿನದಿಂದ ಉತ್ತರವೇ ಕೊಡದವರು ಬೇಕಾದಷ್ಟು ಜನ ಇದ್ದಾರೆ.

ಈಗ ಕೇಳುವ ರೀತಿಗೆ ಬರೋಣ. ಎಷ್ಟನೇ ದಿನ, ಎಷ್ಟು ಮೆಸೇಜ್ ಆದ ಮೇಲೆ ಎಂಬ ಲೆಕ್ಕ ಬೇಡ. ನಂಬರಿಗೆ ಒಂದು ಕೆಲಸ ಇದ್ದಾಗ ಕೇಳಿ. ಆ ಕೆಲಸ ಸಾಮಾನ್ಯವಾಗಿ ಭೇಟಿಯೇ ಆಗಿರುತ್ತದೆ. ಅವರು ವೈಟ್‌ಫೀಲ್ಡ್‌ನಲ್ಲಿದ್ದಾರೆ, ನೀವು ಬನಶಂಕರಿಯಲ್ಲಿದ್ದೀರಿ ಎಂದುಕೊಳ್ಳೋಣ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್ ಎಂದು ಮಾತಾಗಿದೆ. ಅವರಿಗೆ ನೇರಳೆ ಮಾರ್ಗದಲ್ಲಿ ಒಂದೇ ರೈಲು, ನೀವು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಯಾರಾದರೂ ಒಬ್ಬರು ತಡವಾಗುತ್ತೀರಿ, ಅಲ್ವಾ? ಆಗ ಹೀಗೆ ಬರೆಯಿರಿ:

‘ಭಾನುವಾರ ಹತ್ತಕ್ಕೆ ಕಬ್ಬನ್ ಪಾರ್ಕ್ ಮೆಟ್ರೋ ಹತ್ರ ಸಿಗೋಣ. ಆ್ಯಪ್ ನೋಟಿಫಿಕೇಶನ್ ನನಗೆ ಲೇಟಾಗಿ ಬರುತ್ತೆ. ಅವತ್ತಿಗೆ ವಾಟ್ಸಾಪ್ ಅಥವಾ ಇನ್‌ಸ್ಟಾಗ್ರಾಮ್ ಯಾವುದಾದ್ರೂ ಆಗುತ್ತಾ? ಇಲ್ಲೇ ಸರಿ ಅಂದ್ರೂ ಪರವಾಗಿಲ್ಲ, ನಾನು ಆ್ಯಪ್ ನೋಡ್ತಾ ಇರ್ತೀನಿ.’

ಇದರಲ್ಲಿ ಕಾರಣ ಇದೆ, ಆಯ್ಕೆ ಇದೆ, ಬೇಡ ಎನ್ನಲು ಅವರು ನೆಪ ಹುಡುಕಬೇಕಾಗಿಲ್ಲ. ನೋಟಿಫಿಕೇಶನ್ ಮಾತು ನಿಜವಾಗಿದ್ದರೆ ಮಾತ್ರ ಬರೆಯಿರಿ. ‘ನನ್ನ ನಂಬರ್ ಕೊಡ್ತೀನಿ, ನೀವೇ ಮೆಸೇಜ್ ಮಾಡಿ’ ಎಂದರೆ ಸಮಸ್ಯೆ ಮುಗಿಯಿತು ಎಂದು ಕೆಲವರು ಅಂದುಕೊಂಡಿದ್ದಾರೆ. ಒತ್ತಾಯ ಕಡಿಮೆಯಾಗುತ್ತದೆ, ನಿಜ. ಆದರೆ ಅವರು ವಾಟ್ಸಾಪ್ ಮಾಡಿದ ಕ್ಷಣವೇ ಅವರ ನಂಬರ್ ನಿಮಗೆ ಕಾಣುತ್ತದೆ. ನಂಬರ್ ತೋರಿಸದೆ ಮಾತಾಡಲು ಟೆಲಿಗ್ರಾಮ್ ಸುಲಭ. ಅಲ್ಲಿ Settings ಒಳಗಿನ Privacy and Security, ಅದರೊಳಗೆ Phone Number ಎಂಬಲ್ಲಿ Nobody ಎಂದು ಇಟ್ಟು, ಯೂಸರ್‌ನೇಮ್ ಮಾತ್ರ ಕೊಟ್ಟರೆ ಆಯಿತು. ಇನ್‌ಸ್ಟಾಗ್ರಾಮ್‌ನಲ್ಲಿಯೂ ನಂಬರ್ ಬೇಡ, ಆದರೆ ಖಾತೆ ಓಪನ್ ಇದ್ದರೆ ಫೋಟೋ, ಗೆಳೆಯರು ಎಲ್ಲವೂ ಕಾಣುತ್ತವೆ. ಸುಮ್ನೆ ದನಿ ಕೇಳಬೇಕು ಎಂದಿದ್ದರೆ ಆ್ಯಪ್ ಒಳಗೇ ಕಾಲ್ ಮಾಡುವ ಸೌಲಭ್ಯ ಬಂಬಲ್‌ನಲ್ಲಿದೆ.

ಬೇಡ ಎಂದರೆ ‘ಸರಿ, ಹತ್ತಕ್ಕೆ ಸಿಗೋಣ’ ಎಂದು ಮುಂದೆ ಹೋಗಿ. ‘ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಮಾತ್ರ ಕೇಳಬೇಡಿ. ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಮಾತುಕತೆಗಳು ಈ ಒಂದು ವಾಕ್ಯಕ್ಕೆ ನಿಂತುಹೋಗಿವೆ. ಮತ್ತೆ ಕೇಳುವುದೂ ಬೇಡ, ಮನಸ್ಸಾದಾಗ ಅವರೇ ಕೊಡುತ್ತಾರೆ.

ಕೊಟ್ಟರೆ, ಮೊದಲ ಮೆಸೇಜಿನಲ್ಲಿ ನಿಮ್ಮ ಹೆಸರು, ಯಾವ ಆ್ಯಪ್ ಎಂಬುದನ್ನು ಬರೆಯಿರಿ. ವಾಟ್ಸಾಪಿನಲ್ಲಿ ನಿಮ್ಮ ಪ್ರೊಫೈಲ್ ಫೋಟೋ My contacts ಎಂದು ಇದ್ದರೆ, ನೀವು ಅವರ ನಂಬರ್ ಸೇವ್ ಮಾಡುವವರೆಗೆ ಅವರಿಗೆ ಕಾಣುವುದು ಬರೀ ಬೂದು ವೃತ್ತ. ಬರೀ ‘ಹಾಯ್’ ಎಂದು ಬಂದರೆ ಯಾರು ಎಂದು ಹೇಗೆ ತಿಳಿಯಬೇಕು? ಕೇಳದೆ ಫೋನ್ ಮಾಡಬೇಡಿ, ವಿಡಿಯೋ ಕಾಲ್ ಅಂತೂ ಬೇಡವೇ ಬೇಡ. ಯುಪಿಐನಲ್ಲಿ ಪೂರ್ತಿ ಹೆಸರು ನೋಡಿ, ಆ ಹೆಸರಿನಿಂದ ಅವರನ್ನು ಕರೆದು ಜಾಣತನ ತೋರಿಸಬೇಡಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ, ಕೇಳಬೇಕಿತ್ತು. ವಾಟ್ಸಾಪಿಗೆ ಬಂದ ಮೇಲೆ ಆ್ಯಪ್‌ನಲ್ಲಿ ಆ ಮ್ಯಾಚ್ ಇಟ್ಟುಕೊಳ್ಳಬೇಕಾ? ಇಟ್ಟುಕೊಳ್ಳಿ, ಕನಿಷ್ಠ ಎದುರು ಬದುರು ಭೇಟಿಯಾಗುವವರೆಗೆ. ಇದು ಹುಡುಗರಿಗೂ ಹೇಳುವ ಮಾತು. ಮೋಸ ಮಾಡುವವರು ಮೊದಲ ದಿನವೇ ‘ಇಲ್ಲಿ ಬೇಡ, ವಾಟ್ಸಾಪಿಗೆ ಬಾ’ ಎನ್ನುತ್ತಾರೆ, ಆಮೇಲೆ ಅನ್‌ಮ್ಯಾಚ್ ಮಾಡುತ್ತಾರೆ. ಆಗ ಆ್ಯಪ್‌ನಲ್ಲಿದ್ದ ಮಾತುಕತೆ, ಪ್ರೊಫೈಲ್ ಎರಡೂ ನಿಮ್ಮ ಕಣ್ಣಿಗೆ ಸಿಗುವುದಿಲ್ಲ. ಮುಂದೆ ಬರುವುದು ರಾತ್ರಿಯ ವಿಡಿಯೋ ಕಾಲ್, ಅದರ ರೆಕಾರ್ಡಿಂಗ್ ತೋರಿಸಿ ದುಡ್ಡಿನ ಬೆದರಿಕೆ. ಇಲ್ಲವೇ ಕ್ರಿಪ್ಟೋದಲ್ಲಿ ದುಡ್ಡು ಹಾಕು ಎಂಬ ಸಲಹೆ. ಹಾಗಾಗಿ ಆ್ಯಪ್ ಬಿಟ್ಟು ಬರುವ ಮೊದಲು ಪ್ರೊಫೈಲಿನ ಸ್ಕ್ರೀನ್‌ಶಾಟ್ ಒಂದು ನಿಮ್ಮ ಹತ್ತಿರ ಇರಲಿ. ಬೆದರಿಕೆ ಬಂದರೆ ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ, ಆ ನಂಬರನ್ನೂ ಸ್ಕ್ರೀನ್‌ಶಾಟುಗಳನ್ನೂ ಇಟ್ಟುಕೊಂಡು cybercrime.gov.in ನಲ್ಲಿ ದೂರು ಕೊಡಿ. ದುಡ್ಡು ಆಗಲೇ ಹೋಗಿದ್ದರೆ ಬೆಳಗಾಗಲಿ ಎಂದು ಕಾಯದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ಎದುರಿನ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ.