ನಿಮ್ಮ ತಪ್ಪಿನಿಂದ ಗ್ರಾಹಕರಿಗೆ ನಷ್ಟವಾದರೆ ಏನು ಮಾಡುತ್ತೀರಿ? ಸಂದರ್ಶನದ ಪ್ರಶ್ನೆಗೊಂದು ಉತ್ತರ

ಪ್ರಶ್ನೆ: ಬಿ.ಕಾಂ. ಮುಗಿಸಿ ಕಾಸರಗೋಡಿನಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಗೆ ಸಂದರ್ಶನಕ್ಕೆ ಹೋಗಿದ್ದೆ. ‘ನೀವು ಮಾಡಿದ ಕೆಲಸದಲ್ಲಿ ದೊಡ್ಡ ತಪ್ಪಾಗಿದೆ, ಅದರಿಂದ ಗ್ರಾಹಕರಿಗೆ ತೊಂದರೆಯಾಗುತ್ತದೆ ಎಂದು ನಿಮಗೇ ಗೊತ್ತಾಯಿತು ಎಂದುಕೊಳ್ಳಿ. ಏನು ಮಾಡುತ್ತೀರಿ?’ ಎಂದು ಕೇಳಿದರು. ‘ತಪ್ಪು ಒಪ್ಪಿಕೊಂಡು ಸರಿಪಡಿಸುತ್ತೇನೆ’ ಎಂದೆ. ‘ಹೇಗೆ?’ ಎಂದರು. ಅಲ್ಲಿಂದ ಮುಂದೆ ನನಗೆ ಮಾತು ಹೊರಡಲಿಲ್ಲ. ಹೇಗೆ ಉತ್ತರಿಸಬೇಕಿತ್ತು?
— ಓದುಗರು, ಪೆರ್ಲ

ಉತ್ತರ: ನೀವು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂದರ್ಶನಕ್ಕೆ ಬಂದ ಎಲ್ಲರೂ ಅದನ್ನೇ ಹೇಳುತ್ತಾರೆ. ಎದುರಿಗೆ ಕುಳಿತವರಿಗೆ ಬೇಕಿರುವುದು ನಿಮ್ಮ ಕೈ ಯಾವ ಕ್ರಮದಲ್ಲಿ ಓಡುತ್ತದೆ ಎಂಬ ಸುಳಿವು. ಯಾವುದನ್ನು ಮೊದಲು ನೋಡುತ್ತೀರಿ, ಯಾರಿಗೆ ಯಾವಾಗ ಹೇಳುತ್ತೀರಿ, ಯಾವುದನ್ನು ಒಬ್ಬರೇ ಮಾಡುವುದಿಲ್ಲ ಎಂಬುದು ಅವರಿಗೆ ತಿಳಿಯಬೇಕು. ಅದನ್ನು ಹೇಳಲು ಒಂದೇ ದಾರಿ, ನಿಮ್ಮ ಕೆಲಸದಲ್ಲಿ ನಿಜವಾಗಿ ಆಗಬಹುದಾದ ಒಂದು ತಪ್ಪನ್ನು ಎತ್ತಿಕೊಂಡು ಅದರ ಮೂಲಕ ನಡೆಯುವುದು. ನಮ್ಮ ಕಡೆಯ ತೆರಿಗೆ ಕಚೇರಿಗೆ ಹೊಂದುವ ಒಂದನ್ನು ಇಲ್ಲಿ ಪೂರ್ತಿಯಾಗಿ ಬಿಡಿಸುತ್ತೇನೆ.

ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರು ನಿಮ್ಮ ಕಚೇರಿಯ ಗ್ರಾಹಕರು ಎಂದುಕೊಳ್ಳೋಣ. 2025ರ ಫೆಬ್ರವರಿಯಲ್ಲಿ ಅವರು ಪುತ್ತೂರಿನ ಖರೀದಿದಾರರೊಬ್ಬರಿಗೆ ಚಾಲಿ ಅಡಿಕೆ ಮಾರಿದರು. ಮೂರು ಬಿಲ್ಲು, ಒಂದೊಂದರಲ್ಲಿ 12 ಕ್ವಿಂಟಲ್, ಕ್ವಿಂಟಲಿಗೆ 45,000 ರೂಪಾಯಿ. ಒಂದು ಬಿಲ್ಲಿನ ಮಾಲಿನ ಬೆಲೆ 5,40,000 ರೂಪಾಯಿ. ಒಣ ಅಡಿಕೆಗೆ ಶೇ. 5ರಷ್ಟು ಜಿಎಸ್‌ಟಿ, ಗಡಿ ದಾಟಿದ ಮಾಲಾದ್ದರಿಂದ ಅದು ಐಜಿಎಸ್‌ಟಿ. ಬಿಲ್ಲಿಗೆ 27,000, ಮೂರಕ್ಕೆ ಸೇರಿ 81,000 ರೂಪಾಯಿ. ನಿಮ್ಮ ಗ್ರಾಹಕರು ಅಷ್ಟನ್ನೂ ಕಟ್ಟಿದ್ದಾರೆ. ಆದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನಿನಲ್ಲಿ ನೀವು ಆ ಮೂರು ಬಿಲ್ಲುಗಳನ್ನು ಪುತ್ತೂರಿನ ಇನ್ನೊಬ್ಬ ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆಗೆ ಹಾಕಿಬಿಟ್ಟಿದ್ದೀರಿ. ವಾರ್ಷಿಕ ರಿಟರ್ನಿಗಾಗಿ ಲೆಕ್ಕ ತಾಳೆ ನೋಡುವಾಗ, ನವೆಂಬರ್ 4ರ ಮಧ್ಯಾಹ್ನ ಅದು ಕಣ್ಣಿಗೆ ಬಿತ್ತು.

ಇಂಥ ತಪ್ಪು ಹೇಗಾಗುತ್ತದೆ ಎಂಬುದನ್ನು ಗಮನಿಸಿ, ಮುಂದೆ ಅದು ಕೆಲಸಕ್ಕೆ ಬರುತ್ತದೆ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳು. ಮೊದಲ ಎರಡು ರಾಜ್ಯದ ಸಂಕೇತ, ಕೇರಳಕ್ಕೆ 32, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಕೊನೆಯದು ತಾಳೆ ನೋಡುವ ಅಕ್ಷರ. ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬಂದದ್ದು. ಆದ್ದರಿಂದ ಒಂದು ಅಂಕಿ ತಪ್ಪಾಗಿ ಒತ್ತಿದರೆ ಪೋರ್ಟಲ್ ಅದನ್ನು ಒಳಗೆ ಬಿಡುವುದೇ ಇಲ್ಲ. ಒಳಗೆ ಹೋಗುವುದು ಇನ್ನೊಬ್ಬರ ಸರಿಯಾದ ಸಂಖ್ಯೆ. ಇಬ್ಬರು ಖರೀದಿದಾರರ ಅಂಗಡಿಗೂ ಒಂದೇ ದೇವರ ಹೆಸರು, ಲೆಕ್ಕದ ತಂತ್ರಾಂಶದ ಪಟ್ಟಿಯಲ್ಲಿ ಒಂದರ ಕೆಳಗೆ ಇನ್ನೊಂದು. ಗಡುವಿನ ಹಿಂದಿನ ಸಂಜೆ ಬೆರಳು ಒಂದು ಸಾಲು ಕೆಳಗೆ ಜಾರುತ್ತದೆ. ಕೆಂಪು ಗುರುತು ಬರುವುದಿಲ್ಲ. ಮೊತ್ತ ಸರಿ, ತೆರಿಗೆ ಸರಿ, ರಾಜ್ಯ ಕೂಡ ಸರಿ.

ಈಗ ನಿಮ್ಮ ಉತ್ತರ ಶುರುವಾಗಬೇಕಾದದ್ದು ‘ಯಾರಿಗೆ ಎಷ್ಟು ಹಾನಿ, ಎಷ್ಟು ದಿನ ಉಳಿದಿದೆ’ ಎಂಬಲ್ಲಿಂದ. ‘ಕ್ಷಮೆ ಕೇಳುತ್ತೇನೆ’ ಎಂಬಲ್ಲಿಂದ ಅಲ್ಲ. ಅರ್ಧ ಗಂಟೆಯಲ್ಲಿ ಬಿಲ್ಲಿನ ಪ್ರತಿ, ಮಾಲು ಸಾಗಿಸಲು ತೆಗೆದ ಈ-ವೇ ಬಿಲ್ಲು, ಸಲ್ಲಿಸಿದ ಜಿಎಸ್‌ಟಿಆರ್-1 ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಬಿಲ್ಲಿನಲ್ಲೂ ಈ-ವೇ ಬಿಲ್ಲಿನಲ್ಲೂ ನಿಜವಾದ ಖರೀದಿದಾರರ ಸಂಖ್ಯೆಯೇ ಇದ್ದರೆ ತಪ್ಪು ನಿಮ್ಮ ಮೇಜಿನದು, ಗ್ರಾಹಕರದಲ್ಲ. ಇದು ಖಚಿತವಾಗದೆ ಯಾರಿಗೂ ಫೋನ್ ಮಾಡಬೇಡಿ.

ಹಾನಿ ಇಬ್ಬರಿಗೆ. ಮಾರಿದವರು ಕೊಟ್ಟ ವಿವರದಿಂದ ಪೋರ್ಟಲ್ ತಯಾರಿಸುವ ಖರೀದಿಯ ಪಟ್ಟಿ ಜಿಎಸ್‌ಟಿಆರ್-2ಬಿ. ನಿಜವಾದ ಖರೀದಿದಾರರ ಆ ಪಟ್ಟಿಯಲ್ಲಿ ಈ ಮೂರು ಬಿಲ್ಲುಗಳು ಬಂದೇ ಇಲ್ಲ. ಅಲ್ಲಿ ಕಾಣದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ ಪಡೆಯಲು, ಅಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಲು, 2022ರ ಜನವರಿಯಿಂದ ಅವಕಾಶವಿಲ್ಲ. ಹಾಗಾಗಿ ಅವರಿಗೆ ಸಿಗಬೇಕಾದ 81,000 ರೂಪಾಯಿ ಸಿಕ್ಕಿಲ್ಲ. ಇನ್ನೊಬ್ಬ ವ್ಯಾಪಾರಿಯ ಖಾತೆಯಲ್ಲಿ ಅವರದಲ್ಲದ 81,000 ಕಾಣಿಸಿಕೊಂಡಿದೆ. ಅವರ ಲೆಕ್ಕ ಬರೆಯುವವರು ನೋಡದೆ ಅದನ್ನು ತೆಗೆದುಕೊಂಡು ಬಳಸಿಯೂ ಬಿಟ್ಟಿದ್ದರೆ, ಮೊತ್ತವನ್ನು ವಾಪಸು ಕೊಡುವುದರ ಜೊತೆಗೆ ವರ್ಷಕ್ಕೆ ಶೇ. 18ರ ಬಡ್ಡಿಯೂ ಬೀಳುತ್ತದೆ. ಮಾರ್ಚ್‌ನಿಂದ ನವೆಂಬರ್‌ಗೆ ಎಂಟು ತಿಂಗಳು ಎಂದರೆ ಸುಮಾರು 9,720 ರೂಪಾಯಿ. ತೆಗೆದುಕೊಂಡೂ ಬಳಸದೆ ಖಾತೆಯಲ್ಲೇ ಬಿಟ್ಟಿದ್ದರೆ ಬಡ್ಡಿ ಇಲ್ಲ.

ದಿನದ ಲೆಕ್ಕ ಇದಕ್ಕಿಂತ ಬಿಗಿ. 2024–25ರ ಬಿಲ್ಲುಗಳನ್ನು ತಿದ್ದಲು 2025ರ ನವೆಂಬರ್ 30 ಕೊನೆ. ಅದಕ್ಕೆ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದರೆ ಬಾಗಿಲು ಅಂದೇ ಮುಚ್ಚುತ್ತದೆ. ಖರೀದಿದಾರರು ಕ್ರೆಡಿಟ್ ಪಡೆಯಲು ಇರುವ ಗಡುವೂ ಅದೇ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ಗ್ರಾಹಕರಾದರೆ ಕೈಯಲ್ಲಿರುವುದು ಅಕ್ಟೋಬರ್ ತಿಂಗಳ ಜಿಎಸ್‌ಟಿಆರ್-1 ಒಂದೇ, ಅದರ ಕೊನೆಯ ದಿನ ನವೆಂಬರ್ 11. ಅದರಲ್ಲಿ ತಿದ್ದುಪಡಿ ಹೋದರೆ 14ನೇ ತಾರೀಕಿಗೆ ಸಿದ್ಧವಾಗುವ 2ಬಿಯಲ್ಲಿ ನಿಜವಾದ ಖರೀದಿದಾರರಿಗೆ ಬಿಲ್ಲು ಕಾಣುತ್ತದೆ, 20ರೊಳಗೆ ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿಆರ್-3ಬಿ ರಿಟರ್ನಿನಲ್ಲಿ ಅವರು ಕ್ರೆಡಿಟ್ ಪಡೆಯಬಹುದು. ಇದು ತಪ್ಪಿದರೆ ಪೋರ್ಟಲ್ಲಿನಲ್ಲಿ ದಾರಿಯಿಲ್ಲ, ಉಳಿಯುವುದು ಹೈಕೋರ್ಟಿನ ದಾರಿ. 81,000ಕ್ಕಾಗಿ ಅಷ್ಟು ದೂರ ಹೋಗುವವರು ಎಷ್ಟು ಮಂದಿ? ಅಂದರೆ 4ನೇ ತಾರೀಕಿನ ಆ ಮಧ್ಯಾಹ್ನ ನಿಮ್ಮ ಕೈಯಲ್ಲಿ ಏಳು ದಿನ. ಸಂದರ್ಶನದಲ್ಲಿ ನೀವು ಹೇಳುವ ಕಥೆಯಲ್ಲಿ ಇಂಥದೊಂದು ತಾರೀಕು ಬರಲೇಬೇಕು. ತಪ್ಪು ಎಷ್ಟು ದೊಡ್ಡದು ಎಂಬುದನ್ನು ಮೊತ್ತಕ್ಕಿಂತ ಹೆಚ್ಚಾಗಿ ಉಳಿದ ದಿನಗಳೇ ನಿರ್ಧರಿಸುತ್ತವೆ.

ಇನ್ನು ಹೇಳುವ ವಿಷಯ. ಅದೇ ದಿನ, ಕಚೇರಿ ಮುಚ್ಚುವ ಮೊದಲು, ಹಿರಿಯರಿಗೆ ಹೇಳಬೇಕು. ಗ್ರಾಹಕರಿಗೆ ನೇರವಾಗಿ ನಾನೇ ಫೋನ್ ಮಾಡುತ್ತೇನೆ ಎನ್ನುವುದು ಪ್ರಾಮಾಣಿಕತೆಯಂತೆ ಕಂಡರೂ ನನ್ನ ಮಟ್ಟಿಗೆ ಅದು ಅರೆಬೆಂದ ಉತ್ತರ. ‘ಬಡ್ಡಿ ಯಾರು ಕೊಡುತ್ತಾರೆ?’ ಎಂದು ಅವರು ಕೇಳಿದರೆ ಉತ್ತರಿಸುವ ಅಧಿಕಾರ ನಿಮಗಿಲ್ಲ. ಹಿರಿಯರ ಮುಂದೆ ಹೋಗುವಾಗ ಮಾತು ನೇರವಾಗಿರಲಿ: ‘ಸರ್, ಫೆಬ್ರವರಿಯ ಮೂರು ಬಿಲ್ಲು ಬೇರೆ ಪಾರ್ಟಿಗೆ ಹಾಕಿದ್ದೇನೆ. ತೆರಿಗೆ 81,000. 11ರೊಳಗೆ ತಿದ್ದಬಹುದು. ಬಿಲ್ಲು, ಈ-ವೇ ಬಿಲ್ಲು ಇಲ್ಲಿವೆ.’ ಪಟ್ಟಿಯಲ್ಲಿ ಹೆಸರುಗಳು ಹತ್ತಿರ ಇದ್ದವು, ಅಂದು ಕೆಲಸ ಹೆಚ್ಚಿತ್ತು ಎಂಬುದೆಲ್ಲ ಅವರು ಕೇಳಿದಾಗ. ಮೊದಲೇ ಹೇಳಿದರೆ ಕೇಳುವವರಿಗೆ ಅದು ನೆಪವಾಗಿಯೇ ಕೇಳಿಸುತ್ತದೆ.

ಅದೇ ಮಾತಿಗೆ ಇನ್ನೊಂದನ್ನು ಸೇರಿಸಿ: ‘ಫೆಬ್ರವರಿಯಲ್ಲಿ ನಾನು ಮಾಡಿದ ಉಳಿದ ರಿಟರ್ನುಗಳನ್ನೂ ಇವತ್ತೇ ನೋಡುತ್ತೇನೆ.’ ಜಾರಿದ ಬೆರಳು ಒಂದೇ ಕಡೆ ಜಾರಿರುತ್ತದೆ ಎಂದು ನಂಬುವಂತಿಲ್ಲ. ಈ-ವೇ ಬಿಲ್ಲಿನ ಪಟ್ಟಿಯಲ್ಲಿರುವ ಖರೀದಿದಾರರ ಸಂಖ್ಯೆಯನ್ನು ಜಿಎಸ್‌ಟಿಆರ್-1ರ ಸಂಖ್ಯೆಯೊಂದಿಗೆ ಸಾಲಿಗೆ ಸಾಲು ಹೋಲಿಸಿದರೆ ಸಾಕು, ಅರ್ಧ ದಿನದ ಕೆಲಸ. ಈ ಮಾತನ್ನು ಕೇಳದೆಯೇ ಹೇಳುವ ಅಭ್ಯರ್ಥಿ ನನಗೆ ಅಪರೂಪಕ್ಕೆ ಸಿಕ್ಕಿದ್ದಾರೆ, ಸಿಕ್ಕಾಗ ಕೆಲಸ ಕೊಟ್ಟಿದ್ದೇನೆ.

ತಿದ್ದುವುದು ಜಿಎಸ್‌ಟಿಆರ್-1ರ 9ಎ ಕೋಷ್ಟಕದಲ್ಲಿ. ಆರ್ಥಿಕ ವರ್ಷ ಆರಿಸಿ, ಬಿಲ್ಲಿನ ಸಂಖ್ಯೆ ಹಾಕಿ, ಖರೀದಿದಾರರ ಸಂಖ್ಯೆ ಬದಲಿಸುವುದು. ನಿಮ್ಮ ಗ್ರಾಹಕರ ತೆರಿಗೆ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆದರೆ ಒಂದು ಬಿಲ್ಲನ್ನು ಒಮ್ಮೆ ತಿದ್ದಿದ ಮೇಲೆ ಮತ್ತೆ ತಿದ್ದಲಾಗದು. ತಪ್ಪು ಮಾಡಿದ ಕಣ್ಣಿಗೇ ತಿದ್ದುಪಡಿಯನ್ನೂ ಒಪ್ಪಿಸಬಾರದು. ಹದಿನೈದು ಅಕ್ಷರಗಳನ್ನು ಬಿಲ್ಲಿನಿಂದ ನೀವು ಗಟ್ಟಿಯಾಗಿ ಓದಿ, ಪರದೆಯ ಮೇಲೆ ಇನ್ನೊಬ್ಬರು ನೋಡಲಿ.

ಇಲ್ಲಿ ಕೆಲವರಿಗೆ ಆಸೆಯೊಂದು ಹುಟ್ಟುತ್ತದೆ. ತೆರಿಗೆ ಬದಲಾಗುವುದಿಲ್ಲ, ಗ್ರಾಹಕರಿಗೆ ಗೊತ್ತೂ ಇಲ್ಲ, ಸದ್ದಿಲ್ಲದೆ ತಿದ್ದಿದರಾಯಿತಲ್ಲ ಎಂದು. ಹಾಗೆ ಸದ್ದಿಲ್ಲದೆ ಆಗುವ ಕೆಲಸ ಇದಲ್ಲ. ಸಂಖ್ಯೆ ಬದಲಾದದ್ದು ಆ ಇನ್ನೊಬ್ಬ ವ್ಯಾಪಾರಿಯ ಖಾತೆಯಲ್ಲೂ ಕಾಣುತ್ತದೆ. ಕ್ರೆಡಿಟ್ ಬಳಸಿದ್ದರೆ ವಾಪಸು ಕೊಡಬೇಕಾದವರು ಅವರು. ಯಾರೂ ಹೇಳದೆ ಅವರಿಗೆ ಅದು ತಿಳಿದರೆ ಅವರು ಸಿಟ್ಟಾಗುವುದು ನಿಮ್ಮ ಕಚೇರಿಯ ಮೇಲಲ್ಲ, ಬದಿಯಡ್ಕದ ವ್ಯಾಪಾರಿಯ ಮೇಲೆ. ಮುಂದಿನ ಲೋಡು ಅವರು ಕೊಳ್ಳದಿರಬಹುದು. ಅದಕ್ಕಾಗಿಯೇ ಗ್ರಾಹಕರಿಗೆ ಮೊದಲು ತಿಳಿಸಿ, ಅವರ ಮೂಲಕವೇ ಇಬ್ಬರು ಖರೀದಿದಾರರಿಗೂ ತಿಳಿಸಬೇಕು. ತಪ್ಪಾಗಿ ಕ್ರೆಡಿಟ್ ಹೋದವರಿಗೆ ‘ಈ ಮೂರು ಬಿಲ್ಲುಗಳು ನಿಮ್ಮವಲ್ಲ’ ಎಂದಷ್ಟೇ ಹೇಳಿದರೆ ಸಾಕು. ಅವು ಯಾರವು ಎಂಬುದು ಅವರಿಗೆ ಬೇಡದ ಮಾತು.

ಗ್ರಾಹಕರಿಗೆ ಹೇಳುವುದು ಅವರ ಭಾಷೆಯಲ್ಲಿರಲಿ. ನಮ್ಮ ಕಚೇರಿಗಳಲ್ಲಿ ಪತ್ರ ಇಂಗ್ಲಿಷಿನಲ್ಲಿ ಹೋಗುತ್ತದೆ, ಮಾತು ಮಲಯಾಳದಲ್ಲಿ ನಡೆಯುತ್ತದೆ. ಬದಿಯಡ್ಕದ ಹಿರಿಯ ವ್ಯಾಪಾರಿಗೆ ಎರಡರಲ್ಲೂ ಅರ್ಧ ಅರ್ಧ ಅರ್ಥವಾಗುತ್ತದೆ. ಏನಾಗಿದೆ, ಯಾವತ್ತು ಸರಿಯಾಗುತ್ತದೆ, ಅವರು ಏನು ಮಾಡಬೇಕು, ಖರ್ಚು ಬಿದ್ದರೆ ಯಾರದು ಎಂಬುದನ್ನು ಕನ್ನಡದಲ್ಲಿ ಫೋನಿನಲ್ಲಿ ಹೇಳಿ, ಅದನ್ನೇ ನಾಲ್ಕು ಸಾಲಿನಲ್ಲಿ ಬರೆದು ಕಳಿಸಬೇಕು. ಖರ್ಚಿನ ಮಾತು ಹಿರಿಯರದು. ತಪ್ಪು ಕಚೇರಿಯದಾದಾಗ ಆ 9,720ನ್ನು ಕಚೇರಿಯೇ ಕೊಡಬೇಕು ಎಂದು ನಾನು ನಂಬಿದ್ದೇನೆ.

ಸಂದರ್ಶಕರು ಇಲ್ಲಿಗೆ ನಿಲ್ಲಿಸಲಾರರು. ‘ಹಿರಿಯರೇ ಗ್ರಾಹಕರಿಗೆ ಹೇಳಬೇಡ ಎಂದರೆ?’ ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಒಂದು ಸಣ್ಣ ವಿಷಯದಲ್ಲಿದೆ. ರಿಟರ್ನ್ ಸಲ್ಲಿಸುವಾಗ ಕೊನೆಯಲ್ಲಿ ಒಟಿಪಿ ಬರುವುದು ಗ್ರಾಹಕರ ಮೊಬೈಲಿಗೆ. ನಾವು ಫೋನ್ ಮಾಡಿ ‘ಅಣ್ಣ, ಒಂದು ನಂಬರ್ ಬಂದಿರುತ್ತದೆ, ಹೇಳಿ’ ಎನ್ನುತ್ತೇವೆ. ಅವರು ಅಡಿಕೆ ತೂಗುತ್ತಲೇ ಆರು ಅಂಕಿ ಓದಿ ಹೇಳುತ್ತಾರೆ. ಅದು ಅವರ ಸಹಿ. ಆದ್ದರಿಂದ ಹೀಗೆ ಹೇಳಿ: ‘ಹೇಳಬೇಡಿ ಎಂದರೆ ಕಾರಣ ಕೇಳುತ್ತೇನೆ, ನನ್ನ ಅಭಿಪ್ರಾಯವನ್ನು ಬರೆದು ಕೊಡುತ್ತೇನೆ. ಆದರೆ ಒಳಗೇನಿದೆ ಎಂದು ತಿಳಿಸದೆ ಅವರಿಂದ ಆ ಒಟಿಪಿಯನ್ನು ನಾನು ಕೇಳುವುದಿಲ್ಲ.’