ಊಟದ ನಂತರದ ಹೊಟ್ಟೆಭಾರಕ್ಕೆ ಶುಂಠಿ, ಓಮ, ಜೀರಿಗೆ ನೀರು, ಮಜ್ಜಿಗೆ

ಪ್ರಶ್ನೆ: ನನಗೆ 38 ವರ್ಷ. ವೈಟ್‌ಫೀಲ್ಡ್‌ನ ಕಚೇರಿಯಿಂದ ಬನಶಂಕರಿಯ ಮನೆ ತಲುಪಿ ಊಟ ಮುಗಿಸುವಾಗ ರಾತ್ರಿ ಹತ್ತೂವರೆ ಆಗಿರುತ್ತದೆ. ಆಮೇಲೆ ಹೊಟ್ಟೆ ಭಾರ, ತೇಗು. ಅಮ್ಮ ಶುಂಠಿ ಕಷಾಯ ಅಥವಾ ಓಮದ ನೀರು ಕುಡಿ ಎನ್ನುತ್ತಾರೆ, ಅತ್ತೆಯವರು ಜೀರಿಗೆ ನೀರು, ಮಜ್ಜಿಗೆ ಎನ್ನುತ್ತಾರೆ. ಯಾವುದಕ್ಕೆ ಆಧಾರವಿದೆ?

ಉತ್ತರ: ಈ ನಾಲ್ಕರಲ್ಲಿ ಮನುಷ್ಯರ ಮೇಲೆ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಶುಂಠಿ. ತೈವಾನಿನ ಸಂಶೋಧಕರು ಆರೋಗ್ಯವಂತರಿಗೆ 1.2 ಗ್ರಾಂ ಒಣಶುಂಠಿ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ಕೊಟ್ಟು, ಬಳಿಕ ಸೂಪು ಕುಡಿಸಿ ನೋಡಿದಾಗ, ಜಠರ ಅರ್ಧದಷ್ಟು ಖಾಲಿಯಾಗಲು ತೆಗೆದುಕೊಂಡ ಸಮಯ ಸುಮಾರು 27 ನಿಮಿಷದಿಂದ 13ಕ್ಕೆ ಇಳಿದಿತ್ತು. ಇಷ್ಟನ್ನೇ ಓದಿದರೆ ಅಮ್ಮನ ಮಾತು ಗೆದ್ದಂತೆ ಕಾಣುತ್ತದೆ. ಆದರೆ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಜೀರ್ಣದ ತೊಂದರೆಯಿದ್ದ 11 ಮಂದಿಗೆ ಅಷ್ಟೇ ಶುಂಠಿ ಕೊಟ್ಟಾಗ ಜಠರ ಬೇಗ ಖಾಲಿಯಾಯಿತೇ ಹೊರತು ಅವರ ಹೊಟ್ಟೆಭಾರ, ಉಬ್ಬರಗಳಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಅಜೀರ್ಣಕ್ಕೆ ಜಠರದ ನಿಧಾನಗತಿಯೊಂದೇ ಕಾರಣವಲ್ಲ. ಊಟಕ್ಕೆ ತಕ್ಕಂತೆ ಜಠರದ ಮೇಲ್ಭಾಗ ಸಡಿಲಗೊಳ್ಳದಿರುವುದು ಮತ್ತು ಅಲ್ಲಿನ ನರಗಳು ಅತಿಸೂಕ್ಷ್ಮವಾಗಿರುವುದೂ ಕಾರಣಗಳೇ. ವಾಕರಿಕೆಗೆ, ಅದರಲ್ಲೂ ಬಸುರಿಯರ ವಾಕರಿಕೆಗೆ, ಶುಂಠಿಯ ಪರವಾದ ಆಧಾರ ಇದಕ್ಕಿಂತ ಗಟ್ಟಿಯಾಗಿದೆ.

ಓಮದ ಥೈಮಾಲ್ ಕರುಳಿನ ಸೆಳೆತವನ್ನು ಸಡಿಲಿಸಬಲ್ಲದೆಂಬ ಮಾತಿಗೆ ಆಧಾರ ಬಹುಪಾಲು ಪ್ರಯೋಗಾಲಯದ್ದು ಮತ್ತು ಪ್ರಾಣಿಗಳ ಮೇಲಿನದು. ಜೀರಿಗೆಯ ಒಂದು ಅಧ್ಯಯನದಲ್ಲಿ ಕರುಳಿನ ಕಿರಿಕಿರಿಯಿದ್ದವರ ಉಬ್ಬರ ತಗ್ಗಿತಾದರೂ, ಹೋಲಿಸಿ ನೋಡಲು ಔಷಧವಿಲ್ಲದ ಗುಂಪು ಅಲ್ಲಿರಲಿಲ್ಲ. ಕೊಟ್ಟದ್ದೂ ಜೀರಿಗೆಯಿಂದ ತೆಗೆದ ಎಣ್ಣೆಯನ್ನು. ಆ ಎಣ್ಣೆ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲವಾದ್ದರಿಂದ, ರಾತ್ರಿ ನೆನೆಸಿಟ್ಟ ಜೀರಿಗೆ ನೀರಿಗೆ ಅದೇ ಫಲವನ್ನು ಆರೋಪಿಸುವುದು ಅವಸರವೆಂದೇ ನನ್ನ ಅಭಿಪ್ರಾಯ.

ಮಜ್ಜಿಗೆಯ ವಿಷಯ ಬೇರೆ. ಹಾಲು ಕುಡಿದರೆ ಮಾತ್ರ ಹೊಟ್ಟೆ ಉಬ್ಬುವವರಿಗೆ, ಅಂದರೆ ಲ್ಯಾಕ್ಟೋಸ್ ಜೀರ್ಣವಾಗದವರಿಗೆ, ಹಾಲಿಗಿಂತ ಮೊಸರು ಮತ್ತು ಮಜ್ಜಿಗೆ ಸುಲಭವಾಗಿ ಒಗ್ಗುತ್ತವೆ. ಹೆಪ್ಪಿನ ಜೀವಂತ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಒಡೆಯಲು ನೆರವಾಗುತ್ತವೆ. ನಿಮ್ಮ ತೊಂದರೆ ಹಾಲಿನದ್ದಲ್ಲವಾದರೆ ಮಜ್ಜಿಗೆ ಹಗುರವಾದ ಪಾನೀಯ, ಅಷ್ಟೆ. ರಕ್ತದೊತ್ತಡವಿದ್ದವರು ಅದರ ಉಪ್ಪನ್ನು ಗಮನಿಸಬೇಕು.

ನೀವು ಮೊದಲು ಬದಲಿಸಬೇಕಾದದ್ದು ಊಟದ ಹೊತ್ತು. ಹೊರಡುವ ಮುನ್ನ ಕಚೇರಿಯಲ್ಲೇ ಏನಾದರೂ ತಿಂದು, ಮನೆಯಲ್ಲಿ ಕಡಿಮೆ ಎಣ್ಣೆಯ ಸಣ್ಣ ಊಟ ಮಾಡಿ, ಮಲಗುವ ಮುಂಚೆ ಎರಡು ಮೂರು ಗಂಟೆ ಬಿಡುವು ಕೊಡಿ. ಜೊತೆಗೆ ಶುಂಠಿಯನ್ನು ಪ್ರಯತ್ನಿಸಿದರೆ ತಪ್ಪಿಲ್ಲ. ಆದರೆ ಎದೆಯುರಿ ಶುರುವಾದರೆ ನಿಲ್ಲಿಸಿ, ಏಕೆಂದರೆ ಶುಂಠಿ ಕೆಲವರಲ್ಲಿ ಅದನ್ನು ತರುತ್ತದೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುಂಠಿ ಪುಡಿ ಸೇವಿಸಬಾರದು.

ಕೆಲವು ವಾರಗಳಲ್ಲಿ ಕಡಿಮೆಯಾಗದಿದ್ದರೆ ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕಿನ ಪರೀಕ್ಷೆ ಮಾಡಿಸಿ. ಅದಕ್ಕೆ ಬೇಕಾದದ್ದು ಕಷಾಯವಲ್ಲ, ಆ್ಯಂಟಿಬಯೋಟಿಕ್. ಕಪ್ಪು ಮಲ, ಪದೇ ಪದೇ ವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ವಾರಗಟ್ಟಲೆ ಕಾಯಬಾರದು. ಮೇಲ್ಹೊಟ್ಟೆಯ ಬಿಗಿತದೊಂದಿಗೆ ಬೆವರು, ಏದುಸಿರು, ತೋಳಿಗೋ ದವಡೆಗೋ ಹರಡುವ ನೋವು ಇದ್ದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ಕೂಡಲೇ 108ಕ್ಕೆ ಕರೆ ಮಾಡಿ. ಹೃದಯಾಘಾತವೂ ಹೀಗೆಯೇ ಕಾಣಿಸಿಕೊಳ್ಳಬಹುದು.